ಇಬ್ಬರು ಒಂದೇ ಚಿತ್ರದಲ್ಲಿ: ಹಿಡಿದ ಕೈ, ಅಪ್ಪಿದ ತೋಳು ಒಂದಕ್ಕೊಂದು ಬೆಸೆದುಹೋಗದಂತೆ ಮಾಡುವ ಕ್ರಮ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಒಬ್ಬರು ಊರಲ್ಲಿದ್ದರೆ ಇನ್ನೊಬ್ಬರು ಪುಣೆ, ಮುಂಬಯಿ, ಹೈದರಾಬಾದ್ ಅಥವಾ ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುತ್ತಾರೆ. ಆದ್ದರಿಂದ ಎರಡು ಬೇರೆ ಬೇರೆ ಫೋಟೋ ಕೊಟ್ಟು, ಇಬ್ಬರೂ ಜೊತೆಗಿರುವ ಒಂದು ಚಿತ್ರ ಮಾಡಿಕೊಡಿ ಎಂದು ಕೇಳುವವರು ಸ್ಟುಡಿಯೋಗಳಿಗೆ ಬರುತ್ತಲೇ ಇರುತ್ತಾರೆ. ಚಿತ್ರ ರಚಿಸುವ ತಂತ್ರಾಂಶಗಳು ಮುಖವನ್ನು ಸಾಕಷ್ಟು ಚೆನ್ನಾಗಿ ತರುತ್ತವೆ. ಸೋಲುವುದು ಇಬ್ಬರು ಮುಟ್ಟಿಕೊಳ್ಳುವ ಜಾಗದಲ್ಲಿ. ಎರಡು ಅಂಗೈ ಕರಗಿ ಒಂದಾಗುತ್ತವೆ, ಬೆರಳು ಏಳೆಂಟಾಗುತ್ತವೆ, ಅಪ್ಪಿಕೊಂಡವರ ಬೆನ್ನಿನಿಂದ ಯಾರದೂ ಅಲ್ಲದ ತೋಳೊಂದು ಹೊರಬರುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಅಕ್ಕ ಸೇಡಂನಲ್ಲಿದ್ದಾಳೆ, ತಂಗಿ ಮಸ್ಕತ್‌ನಲ್ಲಿ. ಇಬ್ಬರೂ ಕೈ ಹಿಡಿದುಕೊಂಡು ಬೀದರ ಕೋಟೆಯ ಗೋಡೆಯ ಮುಂದೆ ನಿಂತಿರುವ ಚಿತ್ರ ಬೇಕಾಗಿದೆ. ಅಪ್ಪುಗೆಯ ವಿಷಯವನ್ನು ಆಮೇಲೆ ನೋಡೋಣ. ಕೈ ಹಿಡಿಯುವುದು ಸರಿಹೋದರೆ ಅದರ ಮುಕ್ಕಾಲು ಕೆಲಸ ಮುಗಿದಂತೆಯೇ.

ಕೈ ಏಕೆ ಕೆಡುತ್ತದೆ

ಎರಡು ಕಾರಣಗಳಿವೆ, ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದು ಜಾಗದ ಕೊರತೆ. ಸ್ಟೇಬಲ್ ಡಿಫ್ಯೂಷನ್ ಬಗೆಯ ಮಾದರಿಗಳು ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ಬಿಡಿಸುವುದಿಲ್ಲ. ಉದ್ದ ಅಗಲ ಎರಡನ್ನೂ ಎಂಟನೇ ಒಂದಕ್ಕೆ ಕುಗ್ಗಿಸಿದ ಚೌಕಗಳ ಜಾಲವೊಂದರ ಮೇಲೆ ಬಿಡಿಸಿ, ಕೊನೆಗೆ ಅದನ್ನು ಹಿಗ್ಗಿಸುತ್ತವೆ. 832 ಅಗಲ, 1216 ಎತ್ತರದ ಚಿತ್ರದಲ್ಲಿ ಅಡಿಯಿಂದ ಮುಡಿಯವರೆಗೆ ನಿಂತ ಹೆಂಗಸಿನ ಎತ್ತರ ಸುಮಾರು 1000 ಪಿಕ್ಸೆಲ್ ಎಂದುಕೊಳ್ಳಿ. ಅವಳ ಒಂದು ಬೆರಳಿನ ಅಗಲ ಹತ್ತು ಪಿಕ್ಸೆಲ್ ಆಸುಪಾಸು, ಅಂದರೆ ಜಾಲದಲ್ಲಿ ಒಂದು ಚೌಕಕ್ಕಿಂತ ತುಸು ಹೆಚ್ಚು. ಆ ಒಂದು ಚೌಕದಲ್ಲಿ ಬೆರಳೂ ಇರಬೇಕು, ಬೆರಳ ಸಂದಿಯ ನೆರಳೂ ಇರಬೇಕು, ಮೇಲೆ ಇನ್ನೊಬ್ಬಳ ಬೆರಳೂ ಬರಬೇಕು. ಎರಡು ಚುಕ್ಕಿಯ ಜಾಗ ಕೊಟ್ಟು ಐದೆಸಳಿನ ರಂಗೋಲಿ ಹಾಕು ಎಂದಂತಾಯಿತು. ಎಷ್ಟು ಸಲ ಮರಳಿ ಓಡಿಸಿದರೂ ಈ ಅಳತೆಯಲ್ಲಿ ಬೆರಳು ಸರಿಬರುವುದು ಅದೃಷ್ಟದ ಮಾತು.

ಎರಡನೆಯ ಕಾರಣ, ಯಾವ ಕೈ ಮುಂದೆ, ಯಾವುದು ಹಿಂದೆ ಎಂದು ನಾವು ಹೇಳದೇ ಬಿಡುವುದು. ‘ಕೈ ಹಿಡಿದುಕೊಂಡಿದ್ದಾರೆ’ ಎಂಬ ಮಾತಿನಲ್ಲಿ ಆ ವಿವರವಿಲ್ಲ. ಇಬ್ಬರ ಚರ್ಮದ ಬಣ್ಣವೂ ಹೆಚ್ಚುಕಡಿಮೆ ಒಂದೇ. ಗಡಿ ಎಲ್ಲಿ ಎಂದು ತಿಳಿಯದ ಮಾದರಿ ಎರಡನ್ನೂ ಸೇರಿಸಿ ಒಂದೇ ಮುದ್ದೆ ಮಾಡುತ್ತದೆ.

ಮೂಲ ಫೋಟೋಗಳನ್ನು ಆರಿಸುವುದು

ಬಹುತೇಕರು ತರುವುದು ಮದುವೆ ಮನೆಯ ಗುಂಪು ಫೋಟೋದಿಂದ ಕತ್ತರಿಸಿದ ತುಂಡು. ಮೊದಲು ಅದರ ಹೆಗಲನ್ನು ನೋಡಿ. ಪಕ್ಕದಲ್ಲಿ ನಿಂತಿದ್ದವರ ನಾಲ್ಕು ಬೆರಳು ಅಲ್ಲಿ ಉಳಿದಿರುವುದು ತೀರ ಸಾಮಾನ್ಯ. ಮಾದರಿ ಆ ಬೆರಳುಗಳನ್ನೂ ಅಕ್ಕನ ದೇಹದ ಭಾಗವೆಂದೇ ಎಣಿಸಿ ಹೊಸ ಚಿತ್ರಕ್ಕೆ ತರುತ್ತದೆ, ಅಲ್ಲಿ ಅದು ಐದನೆಯ ಕೈಯಾಗಿ ಬೆಳೆಯುತ್ತದೆ. ಅಂಥ ಬೆರಳುಗಳನ್ನು ಮೊದಲೇ ಅಳಿಸಿ, ಇಲ್ಲವೇ ಎದೆಯಿಂದ ಮೇಲಿನ ಭಾಗವನ್ನಷ್ಟೇ ಕತ್ತರಿಸಿ ಕೊಡಿ. ಕೈ ಕಟ್ಟಿ ನಿಂತ ಫೋಟೋ, ಮಗುವನ್ನು ಎತ್ತಿಕೊಂಡ ಫೋಟೋ, ಮೊಬೈಲ್ ಹಿಡಿದು ಕನ್ನಡಿಯ ಮುಂದೆ ತೆಗೆದ ಫೋಟೋ, ಈ ಮೂರಕ್ಕೂ ಇದೇ ಮಾತು. ಮೂಲದಲ್ಲಿ ಕೈ ಯಾವ ಭಂಗಿಯಲ್ಲಿದೆಯೋ ಆ ಭಂಗಿ ಹೊಸ ಚಿತ್ರದಲ್ಲೂ ಇಣುಕುತ್ತದೆ.

ಬಟ್ಟೆಯನ್ನು ನಾವೇ ಆರಿಸುವ ಸ್ವಾತಂತ್ರ್ಯವಿದ್ದರೆ ಇಬ್ಬರಿಗೂ ತೋಳಿನ ಬಣ್ಣ ಬೇರೆ ಇರಲಿ. ನಮ್ಮ ಉದಾಹರಣೆಯಲ್ಲಿ ಅಕ್ಕನಿಗೆ ಹಸಿರು ಸೀರೆ, ಕುಂಕುಮಗೆಂಪು ಕುಪ್ಪಸ. ತಂಗಿಗೆ ಹಳದಿ ಸೀರೆ, ಕಡುನೀಲಿ ಕುಪ್ಪಸ. ಎರಡಕ್ಕೂ ಮುಕ್ಕಾಲು ತೋಳು. ಗಿಡ್ಡ ತೋಳಿನ ಕುಪ್ಪಸವಾದರೆ ಹೆಗಲಿನಿಂದ ಬೆರಳಿನವರೆಗೆ ಬರಿಯ ಚರ್ಮವೇ ಕಾಣುತ್ತದೆ, ಯಾರ ತೋಳು ಎಲ್ಲಿ ಮುಗಿಯಿತು ಎಂಬ ಗುರುತೇ ಸಿಗುವುದಿಲ್ಲ. ಮೊಳಕೈಯಿಂದ ಕೆಳಗಿಳಿದ ಬಣ್ಣದ ತೋಳು, ಅದರ ಕೆಳಗೆ ನಾಲ್ಕು ಹಸಿರು ಬಳೆ, ಆಮೇಲೆ ಕೈ: ಇಷ್ಟಿದ್ದರೆ ಮಾದರಿಗೂ ದಾರಿ ಸಿಗುತ್ತದೆ, ತಪ್ಪು ಹುಡುಕುವ ನಮಗೂ ಸಿಗುತ್ತದೆ. ಇಬ್ಬರು ಗಂಡಸರು ಬಿಳಿ ಅಂಗಿ ತೊಟ್ಟು ಹೆಗಲ ಮೇಲೆ ಕೈ ಹಾಕಿಕೊಂಡ ಚಿತ್ರದಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ. ಒಬ್ಬರ ಅಂಗಿಯ ಬಣ್ಣವನ್ನಾದರೂ ಬದಲಿಸಲು ಅವರನ್ನು ಒಪ್ಪಿಸಿ.

ಹಿನ್ನೆಲೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೀದರ ಕೋಟೆ ಕಟ್ಟಿರುವುದು ಕೆಂಪು ಮುರಕಲ್ಲಿನಿಂದ. ಬಿಸಿಲಲ್ಲಿ ಆ ಕಲ್ಲಿನ ಬಣ್ಣ ನಮ್ಮ ಚರ್ಮದ ಬಣ್ಣಕ್ಕೆ ಬಹಳ ಹತ್ತಿರ. ಇಬ್ಬರ ನಡುವಿನ ಸಂದಿಯಲ್ಲಿ ಹಿಡಿದ ಕೈಗಳಿದ್ದು, ಅವುಗಳ ಹಿಂದೆ ಇದೇ ಗೋಡೆ ಬಂದರೆ ಬೆರಳಿನ ಅಂಚು ಗೋಡೆಯಲ್ಲಿ ಕರಗುತ್ತದೆ. ಗೋಡೆಯನ್ನು ದೂರಕ್ಕೆ ಸರಿಸಿ ಮಸುಕಾಗಿಸಿ, ಇಲ್ಲವೇ ಇಬ್ಬರನ್ನೂ ಹತ್ತಿರ ನಿಲ್ಲಿಸಿ ಕೈಗಳ ಹಿಂದೆ ಹಸಿರು ಸೀರೆಯ ನೆರಿಗೆ ಬರುವಂತೆ ಮಾಡಿ. ಎರಡನೆಯದು ಹೆಚ್ಚು ನಂಬಿಕೆಯ ದಾರಿ.

ನಾಲ್ಕು ಕೈಗಳ ಪಟ್ಟಿ

ಸೂಚನೆ ಬರೆಯುವ ಮೊದಲು ಒಂದು ಚೀಟಿಯಲ್ಲಿ ನಾಲ್ಕೂ ಕೈಗಳ ಸ್ಥಾನ ಬರೆದುಕೊಳ್ಳಿ. ಇಬ್ಬರೂ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಅಕ್ಕ ಚಿತ್ರದ ಎಡಬದಿ, ತಂಗಿ ಬಲಬದಿ. ಹಾಗಾದರೆ ನಡುವೆ ಸೇರುವುದು ಅಕ್ಕನ ಎಡಗೈ ಮತ್ತು ತಂಗಿಯ ಬಲಗೈ. ಅಕ್ಕನ ಕೈ ಮುಂದೆ, ಅದರ ಹಿಂಬದಿ ಕ್ಯಾಮೆರಾಕ್ಕೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ತಂಗಿಯ ಕೈ ಅದರ ಹಿಂದೆ ಬಹುಪಾಲು ಮರೆಯಾಗಿದೆ. ಉಳಿದ ಎರಡು ಕೈಗಳು ಹೊರಬದಿಗೆ ನೇರವಾಗಿ ಇಳಿಬಿದ್ದಿವೆ.

ಈ ಪಟ್ಟಿಯ ಪ್ರಕಾರ ಚಿತ್ರದಲ್ಲಿ ಪೂರ್ತಿ ಕಾಣಬೇಕಾದ ಕೈಗಳು ಮೂರು ಮಾತ್ರ. ನಡುವಿನ ಜಾಗದಲ್ಲಿ ಎಣಿಸಬೇಕಾದದ್ದು ಅಕ್ಕನ ನಾಲ್ಕು ಬೆರಳು, ಒಂದು ಹೆಬ್ಬೆರಳು. ತಂಗಿಯದೇನಾದರೂ ಕಂಡರೆ ಬೆರಳ ತುದಿಯೋ ಹೆಬ್ಬೆರಳೋ ಅಷ್ಟೇ. ಹೆಬ್ಬೆರಳಿನ ದಿಕ್ಕನ್ನೂ ಬರೆದಿಡಿ. ಕೈಯ ಹಿಂಬದಿ ಮುಂದಕ್ಕೆ ಬಂದಿರುವಾಗ ಅಕ್ಕನ ಹೆಬ್ಬೆರಳು ಅವಳ ಸ್ವಂತ ಸೀರೆಯ ಕಡೆಗೆ, ಅಂದರೆ ಚಿತ್ರದ ಎಡಕ್ಕೆ ಇರಬೇಕು. ತಂಗಿಯ ಕಡೆಗಿದ್ದರೆ ಅದು ಎಡಗೈಯ ಜಾಗದಲ್ಲಿ ಕೂತ ಬಲಗೈ. ಬೆರಳು ಐದೇ ಇದ್ದು ಕೈ ಮಾತ್ರ ಅದಲುಬದಲಾದ ಈ ತಪ್ಪು ಬಹಳ ಜನರ ಕಣ್ಣು ತಪ್ಪಿಸುತ್ತದೆ. ಚಿತ್ರದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ.

ಬೆರಳಿಗೆ ಬೆರಳು ಹೆಣೆದ ಹಿಡಿತವನ್ನು ಆರಿಸಬೇಡಿ. ಅದರಲ್ಲಿ ಇಬ್ಬರ ಬೆರಳೂ ಒಂದು ಬಿಟ್ಟು ಒಂದರಂತೆ ಸಾಲಾಗಿ ಬರಬೇಕು. ಒಂದು ಕೈ ಇನ್ನೊಂದನ್ನು ಮುಚ್ಚಿದ ಹಿಡಿತದಲ್ಲಿ ಭಾವ ಕಡಿಮೆಯಾಗುವುದಿಲ್ಲ, ಕಾಣುವ ಬೆರಳು ಅರ್ಧಕ್ಕೆ ಇಳಿಯುತ್ತದೆ.

ಮೂರನೆಯ ಫೋಟೋ: ಭಂಗಿಗಾಗಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಸ್ಟುಡಿಯೋದಲ್ಲಿಯೋ ಮನೆಯಂಗಳದಲ್ಲಿಯೋ ಬೇರೆ ಇಬ್ಬರನ್ನು ನಿಲ್ಲಿಸಿ, ನಿಮ್ಮ ಚೀಟಿಯಲ್ಲಿ ಬರೆದ ಹಾಗೆಯೇ ಕೈ ಹಿಡಿಸಿ, ಒಂದು ಫೋಟೋ ತೆಗೆಯಿರಿ. ಅವರು ಯಾರಾದರೂ ಆಗಬಹುದು, ಮುಖ ಬಳಕೆಗೆ ಬರುವುದಿಲ್ಲ. ಆದರೆ ಇಬ್ಬರ ಎತ್ತರದ ಅಂತರ ಅಕ್ಕ ತಂಗಿಯರ ಅಂತರಕ್ಕೆ ಹೊಂದಿರಲಿ, ಇಲ್ಲದಿದ್ದರೆ ಹೆಗಲಿನ ಮಟ್ಟ ತಪ್ಪಿ ಮಾದರಿ ಒಬ್ಬಳ ತೋಳನ್ನು ಎಳೆದು ಉದ್ದ ಮಾಡುತ್ತದೆ. ಒಬ್ಬರು ಗಾಢ ಬಣ್ಣದ ಉದ್ದ ತೋಳು, ಇನ್ನೊಬ್ಬರು ತಿಳಿ ಬಣ್ಣದ್ದು ತೊಟ್ಟಿರಲಿ. ಮೊಳಕಾಲಿನಿಂದ ಮೇಲಕ್ಕೆ ಚೌಕಟ್ಟು ತುಂಬುವಂತೆ ತೆಗೆಯಿರಿ. ಹಾಗೆ ತೆಗೆದರೆ ನಿಂತವರ ಪೂರ್ಣ ಎತ್ತರ ಸುಮಾರು 1500 ಪಿಕ್ಸೆಲ್‌ಗೆ ಸಮನಾಗಿ, ಬೆರಳಿನ ಅಗಲ ಹದಿನೈದಕ್ಕೆ ಏರುತ್ತದೆ, ಜಾಲದಲ್ಲಿ ಎರಡು ಚೌಕ ಸಿಗುತ್ತದೆ. ಇನ್ನೂ ಸಾಲದು, ಆದರೆ ಕೈಯ ಆಕಾರ ಉಳಿಯಲು ಸಾಕು.

ಈ ಫೋಟೋವನ್ನು ಎರಡು ರೀತಿಯಲ್ಲಿ ಬಳಸಬಹುದು. ಮೊಬೈಲ್‌ನಲ್ಲಿ ಮಾತಿನ ಸೂಚನೆ ಕೊಟ್ಟು ಚಿತ್ರ ತಿದ್ದಿಸುವವರು, ಹಲವು ಫೋಟೋ ಒಟ್ಟಿಗೆ ತೆಗೆದುಕೊಳ್ಳುವ ಸೇವೆಯಾದರೆ, ಇದನ್ನು ಮೂರನೆಯ ಚಿತ್ರವಾಗಿ ಸೇರಿಸಿ, ಇದರಿಂದ ಭಂಗಿ ಮಾತ್ರ ತೆಗೆದುಕೊ ಎಂದು ಬರೆಯಬೇಕು. ಸ್ವಂತ ಕಂಪ್ಯೂಟರ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ನಡೆಸುವವರು ಇದರಿಂದ ಆಳದ ನಕ್ಷೆ ತೆಗೆದು, ಹೊಸ ಚಿತ್ರದ ಭಂಗಿಯನ್ನು ಹಿಡಿತದಲ್ಲಿಡುವ ಕಂಟ್ರೋಲ್‌ನೆಟ್ ಎಂಬ ಸೇರ್ಪಡೆಗೆ ಕೊಡಬೇಕು. ಆಳದ ನಕ್ಷೆಯಲ್ಲಿ ಹತ್ತಿರವಿರುವುದು ಬಿಳಿ, ದೂರವಿರುವುದು ಕಪ್ಪು. ಅಕ್ಕನ ಕೈ ತಂಗಿಯ ಕೈಗಿಂತ ತುಸು ಬಿಳಿಯಾಗಿ ಕಂಡರೆ ನಕ್ಷೆ ಸರಿಯಾಗಿದೆ. ಎರಡೂ ಒಂದೇ ಬೂದು ಬಣ್ಣದ್ದಾಗಿದ್ದರೆ ಆ ಫೋಟೋ ಬೇಡ, ಬೆಳಕನ್ನು ಒಂದು ಬದಿಯಿಂದ ಬಿಟ್ಟು, ಕ್ಯಾಮೆರಾ ಹತ್ತಿರಕ್ಕೆ ತಂದು ಮತ್ತೆ ತೆಗೆಯಿರಿ.

ಅನೇಕರು ಇಲ್ಲಿ ಓಪನ್‌ಪೋಸ್‌ನ ಕಡ್ಡಿಬೊಂಬೆಯನ್ನಷ್ಟೇ ಬಳಸುತ್ತಾರೆ. ಅದು ದೇಹಕ್ಕೆ 18, ಒಂದೊಂದು ಕೈಗೆ 21 ಬಿಂದುಗಳನ್ನು ಗುರುತಿಸುತ್ತದೆ. ಒಬ್ಬರೇ ನಿಂತ ಚಿತ್ರಕ್ಕೆ ಅದು ಒಳ್ಳೆಯದು. ಆದರೆ ಸಮತಟ್ಟಾದ ಗೆರೆಗಳಲ್ಲಿ ಯಾವುದು ಮುಂದೆ ಎಂಬ ಮಾಹಿತಿ ಇರುವುದಿಲ್ಲ. ಎರಡು ಕೈ ಒಂದರ ಮೇಲೊಂದು ಬಂದಲ್ಲಿ ಬಿಂದುಗಳನ್ನು ಗುರುತಿಸುವಾಗಲೇ ಅದು ಎಡವುತ್ತದೆ. ಮುಟ್ಟಿಕೊಂಡ ಇಬ್ಬರಿಗೆ ಆಳದ ನಕ್ಷೆಯೇ ಆಧಾರ. ಕಂಟ್ರೋಲ್‌ನೆಟ್‌ನಲ್ಲಿ ಅದರ ತೂಕವನ್ನು, ಅಂದರೆ ಪ್ರಭಾವವನ್ನು, 0.6ರಿಂದ 0.8ರ ನಡುವೆ ಇಟ್ಟು, ಚಿತ್ರ ಬಿಡಿಸುವ ಒಟ್ಟು ಹಂತಗಳ ಮೂರನೇ ಎರಡು ಭಾಗ ಮುಗಿದ ಮೇಲೆ ಬಿಟ್ಟುಬಿಡಿ. ಕೊನೆಯವರೆಗೆ ಹಿಡಿದರೆ ನಿಂತವರ ಪ್ಯಾಂಟಿನ ಮಡಿಕೆಗಳೆಲ್ಲ ಸೀರೆಯ ಮೇಲೆ ಮೂಡುತ್ತವೆ.

ಫೋಟೋದಲ್ಲಿರುವ ಮುಖವನ್ನು ಹೊಸ ಚಿತ್ರಕ್ಕೆ ತರುವ ಐಪಿ ಅಡಾಪ್ಟರ್ ಎಂಬ ಸೇರ್ಪಡೆಯಿಂದ ಇಬ್ಬರ ಮುಖದ ಫೋಟೋ ಕೊಡುವವರು ಪ್ರತಿಯೊಂದಕ್ಕೂ ಮುಖದಷ್ಟೇ ದೊಡ್ಡ ಮುಸುಕು ಹಾಕಲೇಬೇಕು, ಅಂದರೆ ಚಿತ್ರದ ಯಾವ ಜಾಗಕ್ಕೆ ಮಾತ್ರ ಅದು ತಾಗಬೇಕು ಎಂದು ಗುರುತು ಮಾಡಬೇಕು. ಮುಸುಕಿಲ್ಲದೆ ಕೊಟ್ಟ ಎರಡು ಫೋಟೋಗಳು ಇಡೀ ಚಿತ್ರವನ್ನು ಎಳೆದಾಡಿ, ಇಬ್ಬರ ಮುಖವನ್ನೂ ಕಲಸುತ್ತವೆ, ಕೈಯನ್ನೂ ಕಲಸುತ್ತವೆ.

ಸೂಚನೆ ಬರೆಯುವುದು

ಚೀಟಿಯಲ್ಲಿ ಬರೆದದ್ದನ್ನೇ ವಾಕ್ಯಗಳಾಗಿ ಹಾಕಿದರಾಯಿತು. ಹೆಚ್ಚಿನ ಮಾದರಿಗಳು ಇಂಗ್ಲಿಷ್ ಸೂಚನೆಯನ್ನು ಹೆಚ್ಚು ನಿಖರವಾಗಿ ಪಾಲಿಸುವುದರಿಂದ ಅದರಲ್ಲೇ ಕೊಡುತ್ತಿದ್ದೇನೆ.

```
Two women side by side, seen from the knees up.
Left side of the picture: woman from image 1,
green saree, maroon three-quarter sleeves.
Right side of the picture: woman from image 2,
yellow saree, navy blue three-quarter sleeves.
Four green bangles on each wrist.
Their inner hands meet at hip height, against the green saree.
Left woman's hand in front, back of the hand to the camera,
fingers together. Right woman's hand behind it, mostly hidden.
Outer arms hang straight down, away from the body.
Behind them, far away and blurred, the red laterite wall of Bidar Fort.
Pose and hands exactly as in image 3.
Take no face or clothing from image 3.
```

ಎಡ ಬಲ ಎನ್ನುವಾಗಲೆಲ್ಲ ಚಿತ್ರದ ಎಡ ಬಲವನ್ನೇ ಬರೆಯಿರಿ. ‘ಅವಳ ಎಡಗೈ’ ಎಂದು ಬರೆದರೆ ಮಾದರಿ ಒಮ್ಮೆ ನೋಡುವವರ ಎಡ ಎಂದುಕೊಳ್ಳುತ್ತದೆ, ಒಮ್ಮೆ ಅವಳ ಎಡ ಎಂದುಕೊಳ್ಳುತ್ತದೆ. ‘ಪರಸ್ಪರ’, ‘ಒಬ್ಬರನ್ನೊಬ್ಬರು’ ಎಂಬ ಅರ್ಥದ ಮಾತು ಸೂಚನೆಯಲ್ಲಿ ಬೇಡ; ಆ ಮಾತು ಬಂದಲ್ಲಿ ಕರ್ತೃ ಯಾರು ಎಂಬುದು ಮಾಯವಾಗುತ್ತದೆ. ಬೇಡದವುಗಳ ಪಟ್ಟಿಯಲ್ಲಿ ಹೆಚ್ಚುವರಿ ಬೆರಳು, ಕೆಟ್ಟ ಕೈ ಎಂದು ಹತ್ತು ಸಾಲು ತುಂಬುವುದರಿಂದ ಸಿಗುವುದು ಅತ್ಯಲ್ಪ. ಫ್ಲಕ್ಸ್ ಡೆವ್‌ನಂಥ ಮಾದರಿ ಸಾಮಾನ್ಯ ಬಳಕೆಯಲ್ಲಿ ಆ ಪಟ್ಟಿಯನ್ನು ಓದುವುದೇ ಇಲ್ಲ.

ಬಂದ ಚಿತ್ರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು

ಒಮ್ಮೆಗೆ ನಾಲ್ಕು ಚಿತ್ರ ಮಾಡಿಸಿ. ನೋಡುವಾಗ ಬೆರಳಿನಿಂದ ಶುರುಮಾಡಬೇಡಿ, ಹೆಗಲಿನಿಂದ ಶುರುಮಾಡಿ. ಕುಂಕುಮಗೆಂಪು ತೋಳನ್ನು ಹಿಡಿದು ಮೊಳಕೈ, ಬಳೆ, ಮಣಿಕಟ್ಟು ಎಂದು ಕಣ್ಣಿನಲ್ಲೇ ಇಳಿಯುತ್ತಾ ಹೋಗಿ. ಅದು ಅಕ್ಕನ ಕೈಯಲ್ಲೇ ಮುಗಿಯಬೇಕು. ಕಡುನೀಲಿ ತೋಳನ್ನೂ ಹಾಗೆಯೇ ಇಳಿಯಿರಿ. ದಾರಿ ನಡುವೆ ಬಣ್ಣ ಬದಲಾದರೆ, ಮೊಳಕೈ ಎರಡು ಕಡೆ ಮಡಿದರೆ, ಸೆರಗಿನ ಹಿಂದೆ ಹೋದ ತೋಳು ಇನ್ನೊಂದು ಬದಿಯಿಂದ ಹೊರಬರದಿದ್ದರೆ ಆ ಚಿತ್ರವನ್ನು ಅಲ್ಲೇ ಬಿಡಿ. ಎಷ್ಟೇ ಚೆಂದದ ಮುಖ ಬಂದಿದ್ದರೂ ಬಿಡಿ. ತೋಳು ತಪ್ಪಿದ ಚಿತ್ರವನ್ನು ತಿದ್ದಲು ಹೊರಟರೆ ಸೀರೆಯ ನೆರಿಗೆ, ಸೆರಗು, ಸೊಂಟ ಎಲ್ಲವನ್ನೂ ಮತ್ತೆ ಬಿಡಿಸಬೇಕಾಗುತ್ತದೆ. ತೋಳು ಸರಿಯಿದ್ದು ಬೆರಳು ಆರಾಗಿದ್ದರೆ ಮಾತ್ರ ಉಳಿಸಿಕೊಳ್ಳಿ, ಬೆರಳನ್ನು ಸರಿಪಡಿಸಬಹುದು.

ನಾಲ್ಕರಲ್ಲಿ ನಾಲ್ಕೂ ತೋಳು ತಪ್ಪಿದ್ದರೆ ಮತ್ತೆ ಮತ್ತೆ ಓಡಿಸುವುದು ವ್ಯರ್ಥ. ತಪ್ಪು ಭಂಗಿಯ ಫೋಟೋದಲ್ಲಿದೆ ಅಥವಾ ಆಳದ ನಕ್ಷೆಯಲ್ಲಿದೆ.

ಬೆರಳು ಸರಿಪಡಿಸುವುದು

ಈಗ ಮೊದಲನೆಯ ಕಾರಣಕ್ಕೆ, ಅಂದರೆ ಜಾಗದ ಕೊರತೆಗೆ ಮದ್ದು. ಹಿಡಿದ ಕೈಗಳ ಮೇಲೆ ಮಾತ್ರ ಮುಸುಕು ಬಳಿದು, ಆ ಭಾಗವನ್ನಷ್ಟೇ ದೊಡ್ಡದು ಮಾಡಿ ಮತ್ತೆ ಬಿಡಿಸಬೇಕು. ಸ್ಟೇಬಲ್ ಡಿಫ್ಯೂಷನ್ ನಡೆಸುವ ಫೋರ್ಜ್ ಎಂಬ ತಂತ್ರಾಂಶದಲ್ಲಿ ಇದಕ್ಕೆ `Inpaint` ಭಾಗದಲ್ಲಿ `Only masked` ಎಂಬ ಆಯ್ಕೆ ಇದೆ. ಕೈಗಳ ಸುತ್ತಲಿನ 384 ಪಿಕ್ಸೆಲ್ ಚೌಕವನ್ನು ತಂತ್ರಾಂಶ 1024ಕ್ಕೆ ಹಿಗ್ಗಿಸಿ ಬಿಡಿಸುತ್ತದೆ, ಆಮೇಲೆ ಕುಗ್ಗಿಸಿ ಮೂಲ ಜಾಗಕ್ಕೆ ಅಂಟಿಸುತ್ತದೆ. ಹದಿನೈದು ಪಿಕ್ಸೆಲ್ ಇದ್ದ ಬೆರಳು ಆ ಹೊತ್ತಿಗೆ ನಲವತ್ತಾಗುತ್ತದೆ. ಜಾಲದಲ್ಲಿ ಐದು ಚೌಕ. ಬೆರಳ ಗೆಣ್ಣು, ಸಂದಿಯ ನೆರಳು, ಉಗುರು ಎಲ್ಲಕ್ಕೂ ಈಗ ಜಾಗವಿದೆ.

ಮುಸುಕಿನ ಅಂಚು ಎಲ್ಲಿ ನಿಲ್ಲಬೇಕು ಎಂಬುದು ಮುಖ್ಯ. ಬಳೆಗಳ ಕೆಳಗೇ ನಿಲ್ಲಿಸಿ, ಬಳೆಗಳನ್ನು ಮುಸುಕಿನ ಹೊರಗೆ ಬಿಡಿ. ಮೇಲಿನ ಬಳೆ ಬದಲಾಗದೆ ಉಳಿದರೆ ಎರಡು ಮಣಿಕಟ್ಟುಗಳೂ ಬೇರೆಬೇರೆಯಾಗಿ ಉಳಿಯುತ್ತವೆ, ಅಂಟಿಸಿದ ಗೆರೆಯೂ ಬಳೆಯ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಅರ್ಧ ಬಳೆಯ ಮೇಲೆ ಮುಸುಕು ಬಿದ್ದರೆ ಅಲ್ಲಿ ಮುರಿದ ಬಳೆ ಮೂಡುತ್ತದೆ. ಸುತ್ತಲಿನ ಸನ್ನಿವೇಶ ಕಾಣಿಸಲು ಅರವತ್ತು ಪಿಕ್ಸೆಲ್ ಆಸುಪಾಸಿನ ಹೆಚ್ಚುವರಿ ಅಂಚು ಕೊಡಿ. ತೋಳು ಎಲ್ಲಿಂದ ಬಂತು ಎಂದು ಕಾಣದಿದ್ದರೆ ಮಾದರಿ ಅಲ್ಲೊಂದು ಒಂಟಿ ಕೈ ಬಿಡಿಸಿಬಿಡುತ್ತದೆ.

ಈ ಹಂತದಲ್ಲಿ ಇಬ್ಬರು ಹೆಂಗಸರು, ಕೋಟೆ, ಸೀರೆ ಎಂಬ ದೊಡ್ಡ ಸೂಚನೆಯನ್ನು ತೆಗೆದುಹಾಕಿ. ಅದು ಉಳಿದರೆ ಆ ಪುಟ್ಟ ಚೌಕದೊಳಗೆ ಇನ್ನೆರಡು ಪುಟ್ಟ ಹೆಂಗಸರು ಬರುವುದುಂಟು. ಒಂದು ಕೈ ಇನ್ನೊಂದು ಕೈಯನ್ನು ಹಿಡಿದಿದೆ, ಹಿಂಬದಿ ಕ್ಯಾಮೆರಾಕ್ಕೆ, ಬೆರಳು ಜೋಡಿಸಿದೆ ಎಂದಷ್ಟೇ ಬರೆಯಿರಿ. ಐಪಿ ಅಡಾಪ್ಟರ್‌ಗೆ ಕೊಟ್ಟ ಮುಖದ ಫೋಟೋಗಳನ್ನೂ ತೆಗೆದುಬಿಡಿ. ಇದ್ದದ್ದನ್ನು ಎಷ್ಟು ಬದಲಿಸಬೇಕು ಎಂದು ಹೇಳುವ `Denoising strength` ಅನ್ನು, ಬೆರಳಿನ ಆಕಾರ ಇದ್ದು ಅಂಚು ಮಾತ್ರ ಕಲಸಿದ್ದರೆ 0.4 ಹತ್ತಿರ, ಬೆರಳು ಹೆಚ್ಚಾಗಿದ್ದರೆ 0.6 ಹತ್ತಿರ ಇಡಿ. 0.4ರಲ್ಲಿ ಆರನೆಯ ಬೆರಳು ಹೋಗುವುದಿಲ್ಲ, ಇನ್ನಷ್ಟು ಅಂದವಾಗಿ ಉಳಿದುಬಿಡುತ್ತದೆ. ಅದನ್ನು ಮೊದಲು ಬಣ್ಣದ ಕುಂಚದಿಂದ ಸೀರೆಯ ಹಸಿರು ಬಳಿದು ಮುಚ್ಚಿ, ಆಮೇಲೆ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಮೊಬೈಲ್ ಸೇವೆ ಬಳಸುವವರೂ ಇದನ್ನೇ ಕೈಯಿಂದ ಮಾಡಬಹುದು: ಕೈಗಳಿರುವ ಭಾಗವನ್ನು ಚೌಕವಾಗಿ ಕತ್ತರಿಸಿ, ಅದನ್ನೇ ಹೊಸ ಚಿತ್ರವಾಗಿ ಕೊಟ್ಟು ತಿದ್ದಿಸಿ, ಯಾವುದಾದರೂ ಫೋಟೋ ತಿದ್ದುವ ಆ್ಯಪ್‌ನಲ್ಲಿ ಮೂಲದ ಮೇಲೆ ಕೂರಿಸಿ ಅಂಚನ್ನು ಮೃದುಗೊಳಿಸಿ.

ಅಪ್ಪುಗೆಯಲ್ಲಿ ಬದಲಾಗುವುದು

ಅಪ್ಪುಗೆಯಲ್ಲಿ ಬೆರಳಿಗಿಂತ ತೋಳಿನ ತಪ್ಪು ಹೆಚ್ಚು. ಕ್ಯಾಮೆರಾ ಪಕ್ಕದಲ್ಲಿದ್ದರೆ ನಾಲ್ಕು ತೋಳುಗಳ ತುಂಡುಗಳೂ ಕಾಣುತ್ತವೆ, ಯಾವುದೂ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನು ತಂಗಿಯ ಬೆನ್ನ ಹಿಂದೆ, ತುಸು ಓರೆಯಾಗಿ ಇಡಿ. ಆಗ ತಂಗಿಯ ಎರಡೂ ಮುಂಗೈಗಳು ಅವಳ ದೇಹದಿಂದಲೇ ಮರೆಯಾಗುತ್ತವೆ, ಕಾಣುವುದು ಅವಳ ಬೆನ್ನ ಮೇಲಿರುವ ಅಕ್ಕನ ಎರಡು ಕೈ ಮತ್ತು ಹೆಗಲ ಮೇಲಿನಿಂದ ಅಕ್ಕನ ಮುಖ. ತಂಗಿಯ ಮುಖ ಅರ್ಧವಾದರೂ ಕಾಣಲೇಬೇಕು ಎನ್ನುವವರಿಗೆ ಪಕ್ಕದಲ್ಲಿ ನಿಂತು ಒಂದೊಂದು ಕೈಯನ್ನು ಬೆನ್ನ ಹಿಂದಿನಿಂದ ಬಳಸಿದ ಅಪ್ಪುಗೆ ಹೊಂದುತ್ತದೆ. ಅಲ್ಲಿ ಹೆಗಲ ಮೇಲೆ ಒಂದೇ ಒಂದು ಕೈ ಕಾಣುವಂತೆ ಮಾಡಿ.

ಬೆನ್ನ ಮೇಲಿನ ಕೈ ಅಗಲವಾಗಿ ಚಪ್ಪಟೆಯಾಗಿರಲಿ, ಬೆರಳು ಜೋಡಿಸಿರಲಿ. ತಂಗಿಯ ಸೆರಗನ್ನು ಆ ಜಾಗದಿಂದ ಸರಿಸಿ. ಹೆಗಲಿನಿಂದ ಇಳಿಬಿದ್ದ ಸೆರಗಿನ ಮಡಿಕೆಯ ಅಗಲ ತೋಳಿನ ಅಗಲದಷ್ಟೇ ಇರುವುದರಿಂದ ಮಾದರಿ ಅದಕ್ಕೊಂದು ಅಂಗೈ ಅಂಟಿಸುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹಾಗೆ ಬರೆದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಬಿಚ್ಚಿದ ಉದ್ದ ಕೂದಲಿಗೂ ಇದೇ ಮಾತು. ಜಡೆ ಹಾಕಿ ಮುಂದಕ್ಕೆ ಬಿಡಿ.

ಪರೀಕ್ಷಿಸುವ ರೀತಿಯೂ ಇಲ್ಲಿ ತುಸು ಬೇರೆ. ಬೆನ್ನ ಮೇಲೆ ಕಂಡ ಪ್ರತಿಯೊಂದು ಕೈಯಿಂದ ಹಿಂದಕ್ಕೆ, ಮಣಿಕಟ್ಟು, ಮುಂಗೈ, ಮೊಳಕೈ ಎಂದು ಏರುತ್ತಾ ಹೋಗಿ. ಕುಂಕುಮಗೆಂಪು ತೋಳು ಸಿಕ್ಕಿ ಅಕ್ಕನ ಹೆಗಲು ಮುಟ್ಟಿದರೆ ಸರಿ. ಎರಡು ಕೈಗಳೂ ಒಂದೇ ಬದಿಯಿಂದ ಬಂದಿದ್ದರೆ, ಅಥವಾ ಮುಂಗೈಯೇ ಇಲ್ಲದೆ ಬೆನ್ನಿನಿಂದ ನೇರವಾಗಿ ಕೈ ಮೊಳೆತಿದ್ದರೆ, ಅದು ಮುಸುಕು ಹಾಕಿ ತಿದ್ದುವ ತಪ್ಪಲ್ಲ, ಹೊಸ ಚಿತ್ರವೇ ಬೇಕು.

ಅಪ್ಪುಗೆಯ ಚಿತ್ರಕ್ಕೆ ಕೈ ಹಾಕುವ ಮೊದಲು ಇಬ್ಬರ ಒಪ್ಪಿಗೆಯೂ ನಿಮ್ಮ ಬಳಿ ಇರಬೇಕು. ಒಬ್ಬರೇ ಬಂದು ಇನ್ನೊಬ್ಬರ ಫೋಟೋ ಕೊಟ್ಟರೆ ಆ ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿ. ಅವರು ಬೇಡವೆಂದರೆ ಚಿತ್ರ ಮಾಡಬೇಡಿ.

ಮುಗಿದ ಚಿತ್ರವನ್ನು ಮೊಬೈಲ್ ಪರದೆಯಲ್ಲಿ ನೋಡಿ ಒಪ್ಪಿಸಬೇಡಿ. ಚೌಕಟ್ಟು ಹಾಕಿಸಲು 12x18 ಅಳತೆಯಲ್ಲಿ ಮುದ್ರಿಸುವುದಾದರೆ, ಕೈಗಳ ಭಾಗವನ್ನಷ್ಟೇ ಅದೇ ಅಳತೆಯಲ್ಲಿ ಒಂದು ಸಣ್ಣ ಕಾಗದದ ಮೇಲೆ ಮುದ್ರಿಸಿ ನೋಡಿ. ಪರದೆಯಲ್ಲಿ ಸರಿ ಕಂಡ ಕಿರುಬೆರಳಿಗೆ ಉಗುರೇ ಇಲ್ಲದಿರುವುದು, ತಂಗಿಯ ಹೆಬ್ಬೆರಳು ಅಕ್ಕನ ಬಳೆಯೊಳಗೆ ಹೊಕ್ಕಿರುವುದು ಆಗ ಗೊತ್ತಾಗುತ್ತದೆ, ಆ ಜಾಗಕ್ಕೆ ಇನ್ನೊಮ್ಮೆ ಸಣ್ಣ ಮುಸುಕು ಹಾಕಿ 0.4ರಲ್ಲಿ ಓಡಿಸಿದರೆ ಸಾಕಾಗುತ್ತದೆ.